ಕಣ್ಣು ಕಾಣದವರಿಗಾಗಿ ಗಾದೆ ಓದುವುದು ಹೇಗೆ?

ಉಡುಪಿ, ಮಂಗಳೂರು ಕಡೆಯ ಯಾವ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋದರೂ ಬೆಳಿಗ್ಗೆ ಒಂದು ಗಾದೆ ಬಂದೇ ಬರುತ್ತದೆ. ಹಿಂದೆ ಹೂವಿನ ಚಿತ್ರ, ಮೇಲೆ ಅಕ್ಷರ. ಕಣ್ಣು ಕಾಣದವರು ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಅದರ ಮೇಲೆ ಬೆರಳಿಟ್ಟರೆ ಹೆಚ್ಚಿನ ಸಲ ಕೇಳಿಸುವುದು 'ಫೋಟೋ' ಅಂತ ಮಾತ್ರ. ಚಿತ್ರದೊಳಗಿನ ಕನ್ನಡವನ್ನು ಫೋನು ಓದಿ ಹೇಳುತ್ತದೆ ಎಂದು ನಂಬಿ ಕೂರುವಂತಿಲ್ಲ. ಹಾಗಾಗಿ ಗಾದೆಯನ್ನು ನಾವೇ ಓದಿ, ದನಿಯಲ್ಲಿ ಕಳಿಸುವುದು ಒಳ್ಳೆಯದು.

ಆದರೆ ಸುಮ್ನೆ ಓದಿದರೆ ಸಾಲದು. ಕಥೆ ಓದುವಾಗ ಒಂದು ಪದ ತಪ್ಪಿದರೂ ಮುಂದಿನ ವಾಕ್ಯದಲ್ಲಿ ಕೇಳುವವರು ಅದನ್ನು ಹಿಡಿದುಕೊಳ್ಳುತ್ತಾರೆ. ಗಾದೆಗೆ ಮುಂದಿನ ವಾಕ್ಯವೇ ಇಲ್ಲ. ನಾಲ್ಕೈದು ಪದದಲ್ಲಿ ಎಲ್ಲ ಮುಗಿದುಹೋಗುತ್ತದೆ. ಅದರ ಮೇಲೆ, ಕನ್ನಡದ ವಾಕ್ಯದಲ್ಲಿ ಹೌದೋ ಅಲ್ಲವೋ ಎಂಬುದು ತಿಳಿಯುವುದು ಕೊನೆಯ ಪದದಲ್ಲಿ. ಓದುವಾಗ ನಮ್ಮ ಉಸಿರು ಇಳಿಯುವುದೂ ಅಲ್ಲೇ. ಈ ಲೇಖನದ ಹೆಚ್ಚಿನ ಮಾತು ಆ ಕೊನೆಯ ಪದದ ಬಗ್ಗೆಯೇ ಇದೆ.

ಮೊದಲು ಕೇಳುವವರನ್ನು ತಿಳಿದುಕೊಳ್ಳಿ

ನಾನು ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಒಬ್ಬರು ಉಡುಪಿಯ ಕಡಿಯಾಳಿಯಲ್ಲಿರುವ ನಮ್ಮ ದೊಡ್ಡಮ್ಮ. ಶಾಲೆಯಲ್ಲಿ ಟೀಚರ್ ಆಗಿದ್ದವರು. ನಿವೃತ್ತಿಯಾದ ಮೇಲೆ ದೃಷ್ಟಿ ಹೋಯಿತು. ಇನ್ನೊಬ್ಬ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುವ ಹುಡುಗ. ಅವನಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಇಬ್ಬರಿಗೂ ಒಂದೇ ರೆಕಾರ್ಡಿಂಗ್ ಕಳಿಸಿದರೆ ಒಬ್ಬರಿಗಂತೂ ಕಿರಿಕಿರಿ ಆಗುತ್ತದೆ.

ದೊಡ್ಡಮ್ಮನಿಗೆ ಬಣ್ಣ, ಬೆಟ್ಟ, ಕನ್ನಡಿ ಎಲ್ಲ ನೆನಪಿದೆ. ವಿವರಿಸುವ ಅಗತ್ಯ ಇಲ್ಲ. ಆದರೆ ವಯಸ್ಸಿನಿಂದ ಕಿವಿ ಸ್ವಲ್ಪ ಮಂದ. ವಯಸ್ಸಾದಾಗ ಮೊದಲು ಕಳೆದುಹೋಗುವುದು ಹೆಚ್ಚಾಗಿ ತೆಳುವಾದ, ಎತ್ತರದ ಸದ್ದುಗಳು. ಹಾಗಾಗಿ ಸ, ಶ, ಚ ಅಂಥ ಅಕ್ಷರಗಳು ಅವರಿಗೆ ಮಸುಕಾಗಿ ಕೇಳುತ್ತವೆ. ಹುಡುಗನ ಕಥೆ ಬೇರೆ. ಅವನ ಕಿವಿ ಚುರುಕು. ಫೋನಿನ ದನಿಯನ್ನು ನಮಗೆ ಅರ್ಥವೇ ಆಗದಷ್ಟು ವೇಗದಲ್ಲಿ ಇಟ್ಟುಕೊಂಡು ಪಾಠ ಕೇಳುತ್ತಾನೆ. ಅವನಿಗೆ ಮಗುವಿಗೆ ಹೇಳಿದ ಹಾಗೆ ಎಳೆದೆಳೆದು ಓದಿದರೆ ಅವಮಾನ ಮಾಡಿದಂತೆ. ಅವನಿಗೆ ಬೇಕಾಗುವುದು ವಿವರ.

ಆದ್ದರಿಂದ ಕೆಲಸ ಶುರು ಮಾಡುವ ಮೊದಲು ನೇರವಾಗಿ ಕೇಳಿಬಿಡಿ. ದೃಷ್ಟಿ ಯಾವಾಗಿನಿಂದ ಇಲ್ಲ? ಕಿವಿ ಹೇಗಿದೆ? ಯಾವುದರಲ್ಲಿ ಕೇಳುತ್ತೀರಿ, ಫೋನಿನ ಸ್ಪೀಕರಿನಲ್ಲೋ ಇಯರ್‌ಫೋನಿನಲ್ಲೋ? ಹೀಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೊಂದು ಮಾತು. ಕಣ್ಣು ಕಾಣದವರ ಹತ್ತಿರ ಗಟ್ಟಿಯಾಗಿ ಕೂಗಿ ಮಾತಾಡುವ ಅಭ್ಯಾಸ ಬಹಳ ಜನರಿಗಿದೆ. ಅದು ಬೇಡ. ಕೂಗಿದಾಗ ಸ್ವರಗಳು ಮಾತ್ರ ದೊಡ್ಡದಾಗುತ್ತವೆ, ವ್ಯಂಜನಗಳು ಅಡಿಗೆ ಬೀಳುತ್ತವೆ. ಪದ ಗುರುತಾಗುವುದು ವ್ಯಂಜನದಿಂದ ಅಲ್ವಾ?

ಗಾದೆ ಆರಿಸುವಾಗ

ಒಂದು ಸಲಕ್ಕೆ ಐದು ಸಾಕು. ಪಟ್ಟಿ ಮಾಡಿಕೊಂಡು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿ ನೋಡಿ. ಕೆಲವು ಗಾದೆಗಳು ಕಿವಿಗಾಗಿಯೇ ಹುಟ್ಟಿದವು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದಕ್ಕೆ ಕಣ್ಣೇ ಬೇಡ. ಕೆಸರು ಕೈಗೆ ಗೊತ್ತು, ಮೊಸರು ನಾಲಿಗೆಗೆ ಗೊತ್ತು, ಎರಡನ್ನೂ 'ಸರು' ಎಂಬ ಪ್ರಾಸ ಕಟ್ಟಿಹಾಕಿದೆ. 'ತಾಳಿದವನು ಬಾಳಿಯಾನು' ಕೂಡ ಹಾಗೆಯೇ. ಇಂಥವನ್ನು ಮೊದಲಿಗೆ ಇಡಿ.

'ನೋಡು', 'ಕಾಣು' ಎಂಬ ಪದ ಇದೆ ಎಂದು ಗಾದೆಯನ್ನು ಬಿಡಬೇಡಿ. 'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎಂದರೆ ಯಾರಿಗೂ ನೋವಾಗುವುದಿಲ್ಲ. ಕಣ್ಣು ಕಾಣದವರೂ 'ಟಿವಿ ನೋಡಿದೆ', 'ನಾಳೆ ಕಾಣುವ' ಎಂದೇ ಮಾತಾಡುತ್ತಾರೆ. ಆ ಪದಗಳನ್ನು ತೆಗೆದು 'ಕೇಳು' ಎಂದು ತಿದ್ದಿದರೆ ಗಾದೆಯ ಲಯ ಕೆಡುತ್ತದೆ, ಅವರಿಗೆ ಮುಜುಗರ ಬೇರೆ.

ಕುರುಡುತನವನ್ನೇ ಹೀನವಾಗಿ ಆಡುವ ಗಾದೆಗಳು ಮಾತ್ರ ಬೇರೆ. ಅಂಥವು ಕನ್ನಡದಲ್ಲಿ ಹಲವು ಇವೆ. ಅವನ್ನು ಬೆಳಗಿನ ಶುಭಾಶಯದ ಜೊತೆ ಕಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಓದಿಗೋ ಸಂಗ್ರಹಕ್ಕೋ ಬೇಕು ಎಂದು ಅವರೇ ಕೇಳಿದರೆ ಪದ ಬದಲಿಸದೆ ಇದ್ದ ಹಾಗೆಯೇ ಓದಿ. ಯಾವುದನ್ನು ಕೇಳಬೇಕು ಎಂಬ ತೀರ್ಮಾನ ಅವರದ್ದು.

ಬಾಲ ನುಂಗಬೇಡಿ

ಈಗ ಒಂದೇ ಗಾದೆಯನ್ನು ಹಿಡಿದು ಪೂರ್ತಿ ನೋಡೋಣ: 'ಬೆಳ್ಳಗಿರುವುದೆಲ್ಲ ಹಾಲಲ್ಲ.'

ನಮ್ಮ ಮನೆಯ ಹುಡುಗಿಯೊಬ್ಬಳು ಇದನ್ನು ಓದಿ ದೊಡ್ಡಮ್ಮನಿಗೆ ಕಳಿಸಿದಳು. ಒಳ್ಳೆಯ ದನಿ, ಶುದ್ಧ ಉಚ್ಚಾರ. ದೊಡ್ಡಮ್ಮ ಫೋನ್ ಮಾಡಿ ಕೇಳಿದರು: "ಎಂತ ಮಗ, ಬೆಳ್ಳಗಿರುವುದೆಲ್ಲ ಹಾಲು ಅಂತ ಹೇಳಿದ್ದಾ ನೀನು?"

ಟೀಚರ್ ಆಗಿದ್ದವರಿಗೆ ಈ ಗಾದೆ ಗೊತ್ತಿಲ್ಲದೆ ಅಲ್ಲ. ಕಿವಿಗೆ ಬಿದ್ದದ್ದು ಹಾಗೆ. ಯಾಕೆ ಎಂದು ಬಿಡಿಸಿ ನೋಡಿದರೆ ಕಾರಣ ಸಿಗುತ್ತದೆ. 'ಹಾಲು' ಮತ್ತು 'ಅಲ್ಲ' ಸೇರಿ 'ಹಾಲಲ್ಲ' ಆಗಿದೆ. ಸಂಧಿಯಲ್ಲಿ ಉಕಾರ ಬಿದ್ದುಹೋಗಿದೆ. 'ಅಲ್ಲ' ಎಂಬ ಪದಕ್ಕೆ ತನ್ನದೇ ಆದ ಆರಂಭವೇ ಉಳಿದಿಲ್ಲ. ಉಳಿದದ್ದು ಒಂದು ಒತ್ತಕ್ಷರ, ಅದೂ ವಾಕ್ಯದ ತುದಿಯಲ್ಲಿ, ಉಸಿರು ಮುಗಿಯುವ ಜಾಗದಲ್ಲಿ. ಅದರ ಹಿಂದೆಯೇ 'ಎಲ್ಲ' ಎಂಬ ಇನ್ನೊಂದು ಒತ್ತಕ್ಷರದ ಪದ ಬಂದುಹೋಗಿದೆ. ಕಿವಿ ಒಂದು 'ಲ್ಲ'ವನ್ನು ಹಿಡಿದುಕೊಂಡು ಇನ್ನೊಂದನ್ನು ಬಿಟ್ಟಿತು. ಹಾಳೆಯಲ್ಲಿ ಓದುವವರಿಗೆ ಈ ತೊಂದರೆಯೇ ಇಲ್ಲ, ಎರಡೂ ಅಕ್ಷರ ಕಣ್ಣೆದುರು ನಿಂತಿರುತ್ತವೆ.

ಸರಿ ಮಾಡುವ ಕ್ರಮ ಹೀಗೆ. ಗಾದೆಯನ್ನು ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಥ ತಿರುಗುವ ಪದದ ಅಡಿಗೆ ಗೆರೆ ಎಳೆಯಿರಿ. ಇಲ್ಲಿ ಅದು 'ಹಾಲಲ್ಲ'. ಅದಕ್ಕಿಂತ ಮೊದಲು ಒಂದು ಸಣ್ಣ ಓರೆ ಗೆರೆ ಹಾಕಿ: 'ಬೆಳ್ಳಗಿರುವುದೆಲ್ಲ / ಹಾಲಲ್ಲ.' ಓರೆ ಗೆರೆಯ ಹತ್ತಿರ ಹೊಸದಾಗಿ ಸ್ವಲ್ಪ ಉಸಿರು ತೆಗೆದುಕೊಳ್ಳಿ. ಆಗ ಕೊನೆಯ ಪದಕ್ಕೆ ಬೇಕಾದಷ್ಟು ಗಾಳಿ ಉಳಿಯುತ್ತದೆ. 'ಹಾ' ಮೇಲೆ ಒತ್ತು ಕೊಟ್ಟು, 'ಲ್ಲ' ಬಂದಾಗ ನಾಲಿಗೆಯನ್ನು ಅಂಗುಳಿನ ಹತ್ತಿರ ಒಂದು ಕ್ಷಣ ಹಿಡಿದು ಬಿಡಿ. ಒತ್ತಕ್ಷರ ಎಂದರೆ ಆ ಹಿಡಿತವೇ. ಅದನ್ನು ಬಿಟ್ಟರೆ 'ಹಾಲಲ' ಎಂದು ಕೇಳುತ್ತದೆ, ಸಾಲದ್ದಕ್ಕೆ ಕೊನೆಯ ಸ್ವರ ಜಾರಿದರೆ 'ಹಾಲಲ್ಲಿ' ಎಂದೂ ಕೇಳಬಹುದು.

ಹುಡುಗಿ ಹೀಗೆ ಓದಿದ ಮೇಲೆ ದೊಡ್ಡಮ್ಮನಿಗೆ ಒಂದೇ ಸಲಕ್ಕೆ ಸರಿಯಾಗಿ ಕೇಳಿತು. ಸಂಧಿಯನ್ನು ಬಿಡಿಸಿ 'ಹಾಲು ಅಲ್ಲ' ಎಂದು ಓದಬಾರದೇ ಎಂದು ನೀವು ಕೇಳಬಹುದು. ಮೊದಲ ಸಲ ಬೇಡ. ಗಾದೆಯ ಲಯ ಹೋದರೆ ಅದು ಬರೀ ಮಾಹಿತಿ ಆಗುತ್ತದೆ. ಅರ್ಥ ಹೇಳುವ ವಾಕ್ಯದಲ್ಲಿ ಬಿಡಿಸಿ ಹೇಳಿ: 'ಬಿಳಿ ಇದ್ದ ಮಾತ್ರಕ್ಕೆ ಅದು ಹಾಲು ಅಲ್ಲ.' ಹಾಗೆ ಎರಡೂ ರೂಪ ಕಿವಿಗೆ ಬಿದ್ದಂತಾಗುತ್ತದೆ.

ಇದೇ ಪರೀಕ್ಷೆಯನ್ನು ಬೇರೆ ಗಾದೆಗಳಿಗೂ ಮಾಡಿ. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬಲ್ಲಿ 'ದು' ನುಂಗಿದರೆ 'ಸಾಲ' ಮಾತ್ರ ಉಳಿದು, ಗಾದೆ ಸಾಲದ ಕಡೆ ಹೊರಳುತ್ತದೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬುದು ಪ್ರಶ್ನೆ. ಹಾಳೆಯಲ್ಲಿ ಪ್ರಶ್ನೆಯ ಗುರುತು ಇರುತ್ತದೆ, ಕಿವಿಗೆ ಇರುವುದು ಕೊನೆಯ ಉದ್ದದ 'ತೇ' ಮಾತ್ರ. ಅದನ್ನು ಮೇಲಕ್ಕೆ ಎತ್ತಿ ಓದಬೇಕು. ಚಪ್ಪಟೆಯಾಗಿ ಓದಿದರೆ 'ಬಗ್ಗೀತು' ಎಂದು ಕೇಳಿ ಅರ್ಥ ತಲೆಕೆಳಗಾಗುತ್ತದೆ.

ಕೊನೆಯ ಪದ ಆದ ಮೇಲೆ ಎರಡನೆಯ ಎಚ್ಚರಿಕೆ 'ಲ' ಮತ್ತು 'ಳ'. 'ಆಳಾಗಬಲ್ಲವನು ಅರಸಾಗಬಲ್ಲ' ಎಂಬುದರಲ್ಲಿ 'ಳ' ಸಡಿಲಾದರೆ ಆಳು ಹೋಗಿ ಆಲದ ಮರ ಬರುತ್ತದೆ. ಕಾಲು–ಕಾಳು, ಬೆಲೆ–ಬೆಳೆ, ಹುಲಿ–ಹುಳಿ ಎಲ್ಲ ಇದೇ ಜಾತಿಯವು. ಎದುರಿಗೆ ಕೂತು ಮಾತಾಡುವಾಗ ಇದು ಅಷ್ಟು ತೊಂದರೆ ಕೊಡದು, ಫೋನಿನ ಸಣ್ಣ ಸ್ಪೀಕರಿನಲ್ಲಿ ವ್ಯತ್ಯಾಸ ಇನ್ನೂ ತೆಳುವಾಗುತ್ತದೆ. ಮಹಾಪ್ರಾಣದ ಬಗ್ಗೆ ನಾನು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ತುಳು ಮನೆಮಾತಿನ ಎಷ್ಟೋ ಜನರಿಗೆ 'ಭ', 'ಧ' ಹಗುರವಾಗಿ ಬರುತ್ತದೆ. ಗಾದೆಗಳಲ್ಲಿ ಹೆಚ್ಚಿನವು ಅಚ್ಚಕನ್ನಡದ ಪದಗಳೇ ಆದ್ದರಿಂದ ಅಂಥ ಅಕ್ಷರಗಳೇ ಕಡಿಮೆ. ಅದಕ್ಕೆ ಹೆದರಿ ಓದದೆ ಕೂರಬೇಡಿ.

ವೇಗ ಮತ್ತು ನಡುವಿನ ಮೌನ

ನಿಧಾನ ಓದಿದರೆ ಸ್ಪಷ್ಟ ಎಂದು ಬಹಳ ಜನ ತಿಳಿದಿದ್ದಾರೆ. ಪದದೊಳಗೆ ನಿಧಾನ ಮಾಡಿದರೆ ಪದ ಒಡೆಯುತ್ತದೆ. 'ಬೆ...ಳ್ಳ...ಗಿ...' ಎಂದು ಎಳೆದರೆ ಹ್ರಸ್ವವೂ ದೀರ್ಘವಾಗಿ ಕೇಳುತ್ತದೆ. ಕನ್ನಡದಲ್ಲಿ ಸ್ವರ ಉದ್ದವಾದರೆ ಪದವೇ ಬದಲಾಗುತ್ತದೆ. ಹಾಗಾಗಿ ಪದವನ್ನು ಮಾಮೂಲಿ ವೇಗದಲ್ಲಿ ಹೇಳಿ, ಪದಗಳ ಗುಂಪಿನ ನಡುವೆ ನಿಲ್ಲಿ.

ಇದನ್ನು ಕಲಿಯಲು ಕರಾವಳಿಯವರು ದೂರ ಹೋಗಬೇಕಾಗಿಲ್ಲ. ಯಕ್ಷಗಾನದ ತಾಳಮದ್ದಳೆಗೆ ಹೋಗಿ ಕೂತರೆ ಸಾಕು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಇಡೀ ಪ್ರಸಂಗ ಮಾತಿನಲ್ಲೇ ನಡೆಯುತ್ತದೆ. ಒಳ್ಳೆಯ ಅರ್ಥಧಾರಿ ಮುಖ್ಯವಾದ ಮಾತಿನ ಮೊದಲು ಹೇಗೆ ನಿಲ್ಲುತ್ತಾರೆ, ಹೇಳಿದ ಮೇಲೆ ಸಭೆಗೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಗಮನವಿಟ್ಟು ಕೇಳಿ. ಅಲ್ಲಿನ ಕ್ರಮವೂ ನಮಗೆ ಒದಗುತ್ತದೆ: ಮೊದಲು ಹಾಡು, ಆಮೇಲೆ ಅರ್ಥ.

ನಾನು ಪಾಲಿಸುವ ಅಳತೆ ಹೀಗಿದೆ. ಮೊದಲು ಗಾದೆ. ಎರಡು ಭಾಗದ ಗಾದೆಯಾದರೆ ನಡುವೆ ಅರ್ಧ ಸೆಕೆಂಡಿನಷ್ಟು ನಿಲುಗಡೆ. ಮುಗಿದ ಮೇಲೆ 2 ಸೆಕೆಂಡು ಸುಮ್ಮನಿರುವುದು. ಮತ್ತೆ ಅದೇ ಗಾದೆ, ಅದೇ ದನಿಯಲ್ಲಿ. ಆಮೇಲೆ ಒಂದೋ ಎರಡೋ ವಾಕ್ಯದ ಅರ್ಥ. ಕೊನೆಗೆ ಇನ್ನೊಮ್ಮೆ ಗಾದೆ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬಷ್ಟು ಉದ್ದದ ಗಾದೆ ಈ ಕ್ರಮದಲ್ಲಿ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಒಂದು ನಿಮಿಷ ದಾಟಿದರೆ ನೀವು ಭಾಷಣಕ್ಕೆ ಇಳಿದಿದ್ದೀರಿ ಎಂದರ್ಥ.

ಆ 2 ಸೆಕೆಂಡಿನ ಮೌನ ಓದುವವರಿಗೆ ತುಂಬಾ ಉದ್ದ ಅನಿಸುತ್ತದೆ. ಕೈ ಬೆರಳಲ್ಲಿ ಎಣಿಸಿಕೊಳ್ಳಿ. ಹಾಳೆ ಓದುವವರು ಕಣ್ಣನ್ನು ಹಿಂದಕ್ಕೆ ಒಯ್ದು ಇನ್ನೊಮ್ಮೆ ಓದಬಹುದು. ಕೇಳುವವರಿಗೆ ಆ ಅವಕಾಶ ಸಿಗುವುದು ಈ ಮೌನದಲ್ಲಿ. ಅವರು ಮನಸ್ಸಿನಲ್ಲೇ ಗಾದೆಯನ್ನು ಮತ್ತೆ ಕೇಳಿಕೊಳ್ಳುತ್ತಾರೆ. ಅಲ್ಲಿ ಸಂಗೀತ ತುಂಬಿಸಬೇಡಿ. ಕೊಳಲಿನ ದನಿ ಹಿಂದೆ ಇದ್ದರೆ ಚಂದ ಎಂದು ಕೆಲವರು ಹಾಕುತ್ತಾರೆ, ದೊಡ್ಡಮ್ಮನಂಥವರಿಗೆ ಮೊದಲೇ ಮಸುಕಾದ ಅಕ್ಷರಗಳು ಅದರಡಿ ಮುಚ್ಚಿಹೋಗುತ್ತವೆ.

ಕಣ್ಣಿನ ಗಾದೆಗೆ ಅರ್ಥ ಹೇಳುವುದು

'ದೂರದ ಬೆಟ್ಟ ನುಣ್ಣಗೆ.' ದೊಡ್ಡಮ್ಮನಿಗೆ ಇದನ್ನು ಸುಮ್ಮನೆ ಓದಿದರೆ ಸಾಕು. ಹಾಸ್ಟೆಲಿನ ಹುಡುಗನ ಪ್ರಶ್ನೆ ಬೇರೆಯೇ ಇತ್ತು: "ನುಣ್ಣಗೆ ಅಂದರೆ ಮುಟ್ಟಿದರೆ ಗೊತ್ತಾಗುವುದಲ್ವಾ ಅಣ್ಣ? ದೂರ ಇರುವುದನ್ನು ಮುಟ್ಟುವುದು ಹೇಗೆ?" ಬಹಳ ನ್ಯಾಯವಾದ ಪ್ರಶ್ನೆ. ದೂರ ಹೋದಂತೆ ಕಣ್ಣಿಗೆ ಕಲ್ಲು, ಪೊದೆ, ಕೊರಕಲು ಬೇರೆ ಬೇರೆಯಾಗಿ ಕಾಣುವುದಿಲ್ಲ, ಎಲ್ಲ ಒಂದಾಗಿಬಿಡುತ್ತದೆ ಎಂಬುದು ಈ ಗಾದೆಯೊಳಗೆ ಅಡಗಿದ ಸಂಗತಿ. ಕಂಡು ಗೊತ್ತಿಲ್ಲದವರಿಗೆ ಅದನ್ನು ಬಿಡಿಸಿ ಹೇಳಬೇಕು.

ಅವನಿಗೆ ಹೊಂದಿದ್ದು ಕಡಲು. ರಾತ್ರಿ ದೂರದಿಂದ ಕೇಳಿದರೆ ಕಡಲು ಒಂದೇ ಸಮನೆ ಮೊರೆಯುತ್ತದೆ, ಎಲ್ಲೂ ಏರಿಳಿತ ಇಲ್ಲ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ನೀರಿನ ಅಂಚಿಗೆ ಹೋಗಿ ನಿಂತರೆ ಒಂದೊಂದು ಅಲೆ ಬಂದು ಬಡಿಯುವುದು, ಒಡೆಯುವುದು, ಮರಳನ್ನು ಎಳೆದುಕೊಂಡು ವಾಪಸು ಹೋಗುವುದು ಬೇರೆ ಬೇರೆಯಾಗಿ ಕೇಳುತ್ತದೆ. ದೂರದಲ್ಲಿ ಕಿವಿಗೆ ಆಗುವುದೇ ಕಣ್ಣಿಗೂ ಆಗುತ್ತದೆ ಎಂದು ಹೇಳಿದಾಗ ಅವನಿಗೆ ಗಾದೆ ಪೂರ್ತಿ ಸಿಕ್ಕಿತು.

ಇಲ್ಲಿ ಒಂದು ಮಿತಿ ಇಟ್ಟುಕೊಳ್ಳಿ. ಗಾದೆಯನ್ನೇ 'ದೂರದ ಕಡಲು ಒಂದೇ ದನಿ' ಎಂದು ಬದಲಿಸಬೇಡಿ. ನಾಳೆ ಅವನ ಎದುರು ಯಾರಾದರೂ 'ದೂರದ ಬೆಟ್ಟ' ಎಂದರೆ ಅವನಿಗೆ ಅದು ಗೊತ್ತಿರಬೇಕು. ಬದಲಾಗಬೇಕಾದದ್ದು ಅರ್ಥದ ವಾಕ್ಯ ಮಾತ್ರ.

ಕೆಲವು ಗಾದೆಗೆ ಮಾತಿಗಿಂತ ವಸ್ತುವೇ ಒಳ್ಳೆಯದು. 'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬುದರ ಗುಟ್ಟು ಬೂದುಗುಂಬಳದ ಮೇಲಿನ ಬಿಳಿ ಹುಡಿಯಲ್ಲಿದೆ. ಕಾಯಿ ಹೊತ್ತರೆ ಹುಡಿ ಹೆಗಲಿಗೆ ಅಂಟುತ್ತದೆ, ಕಳ್ಳ ತನಗೆ ಅರಿವಿಲ್ಲದೆ ಅದನ್ನೇ ಒರಸಲು ಹೋಗುತ್ತಾನೆ. ಈಗಿನ ಮಕ್ಕಳಲ್ಲಿ ಕಣ್ಣಿದ್ದವರಿಗೂ ಇದು ಗೊತ್ತಿರುವುದಿಲ್ಲ. ಬಲಿತ ಬೂದುಗುಂಬಳವನ್ನು ಮಡಿಲಲ್ಲಿ ಇಟ್ಟು ಕೈಯಾಡಿಸಲು ಹೇಳಿ. ಹುಡಿ ಬೆರಳಿಗೆ ಹತ್ತುವುದು ತಿಳಿಯುತ್ತದೆ. 'ಬೆಳ್ಳಗಿರುವುದೆಲ್ಲ' ಗಾದೆಗೆ ಎರಡು ಲೋಟ ಸಾಕು, ಒಂದರಲ್ಲಿ ಹಾಲು, ಒಂದರಲ್ಲಿ ಅಕ್ಕಿ ತೊಳೆದ ನೀರು. ಎರಡೂ ಬಿಳಿ ಎಂದು ಹೇಳಿ. ಲೋಟ ಹಿಡಿದರೆ ತೂಕ ಒಂದೇ, ಮೂಗಿನ ಹತ್ತಿರ ತಂದಾಗ ಬೇರೆ.

ರೆಕಾರ್ಡ್ ಮಾಡುವಾಗ

ಫೋನು ಸಾಕು. ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರ ಹಿಡಿದರೆ 'ಪ', 'ಬ' ಹೇಳುವಾಗಿನ ಗಾಳಿ ಮೈಕಿಗೆ ಬಡಿದು ಢಬ್ ಎನ್ನುತ್ತದೆ. ಖಾಲಿ ಹಜಾರದ ಟೈಲ್ಸ್ ನೆಲ ದನಿಯನ್ನು ಮಾರ್ದನಿಸುತ್ತದೆ, ಅದು ಒತ್ತಕ್ಷರದ ಆ ಸಣ್ಣ ಹಿಡಿತವನ್ನು ತುಂಬಿಸಿ ಅಳಿಸಿಬಿಡುತ್ತದೆ. ಹಾಸಿಗೆ, ಪರದೆ, ಬಟ್ಟೆ ಇರುವ ಕೋಣೆಯಲ್ಲಿ ಕೂತುಕೊಳ್ಳಿ. ಫ್ಯಾನ್ ಆಫ್ ಮಾಡಿ. ನಮ್ಮ ಮಳೆಗಾಲದಲ್ಲಿ ಹಂಚಿನ ಮೇಲೋ ಶೀಟಿನ ಮೇಲೋ ಮಳೆ ಹೊಯ್ಯುವಾಗ ಓದಿದರೆ ಪ್ರಯೋಜನವಿಲ್ಲ, ಮಳೆಯ ಸದ್ದು ನೇರ 'ಸ', 'ಶ'ಗಳ ಮೇಲೆಯೇ ಬೀಳುತ್ತದೆ. ಮಳೆ ಬಿಡುವ ತನಕ ಕಾಯಿರಿ.

ಮೊದಲ ಗಾದೆ ಓದಿ, ಕೇಳುವವರು ಬಳಸುವಂಥದ್ದೇ ಫೋನಿನ ಸ್ಪೀಕರಿನಲ್ಲಿ, ಫ್ಯಾನ್ ತಿರುಗುತ್ತಿರುವಾಗ ಹಾಕಿ ಕೇಳಿ. ಕೊನೆಯ ಪದ ಅಲ್ಲೂ ಕೇಳಿದರೆ ಉಳಿದದ್ದನ್ನು ಓದಬಹುದು.

ಕಳಿಸುವುದು, ಪರೀಕ್ಷಿಸುವುದು

ಒಂದು ಫೈಲಿಗೆ ಒಂದೇ ಗಾದೆ ಇರಲಿ. ಹತ್ತನ್ನು ಒಟ್ಟಿಗೆ ಹಾಕಿದರೆ ನಾಲ್ಕನೆಯದನ್ನು ಮತ್ತೆ ಕೇಳಲು ಅವರು ಹುಡುಕಾಡಬೇಕಾಗುತ್ತದೆ. ಫೈಲಿನ ಹೆಸರನ್ನೂ ಟಾಕ್‌ಬ್ಯಾಕ್ ಓದುತ್ತದೆ, ಆದ್ದರಿಂದ '01 ಹಾಲು', '02 ಬೆಟ್ಟ' ಎಂದು ಹೆಸರಿಡಿ. ವಾಟ್ಸಾಪಿನ ವಾಯ್ಸ್ ಮೆಸೇಜಿಗೆ ಹೆಸರಿಡಲು ಆಗುವುದಿಲ್ಲ. ಅಲ್ಲಿ 'ಎಲ್ಲರಿಗೂ ನಮಸ್ಕಾರ, ಇವತ್ತಿನ ಗಾದೆ' ಎಂದೆಲ್ಲ ಶುರು ಮಾಡದೆ ಬಾಯಿ ಬಿಟ್ಟ ತಕ್ಷಣ ಗಾದೆಯನ್ನೇ ಹೇಳಿ. ಆಗ ಒಂದೆರಡು ಸೆಕೆಂಡಿನಲ್ಲೇ ಯಾವ ಗಾದೆ ಎಂದು ಅವರಿಗೆ ತಿಳಿಯುತ್ತದೆ.

ಜೊತೆಗೆ ಗಾದೆಯನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸಿ. ಯೂನಿಕೋಡ್ ಅಲ್ಲದ, 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಯ ಫೈಲಿನಿಂದ ಹಾಗೇ ಎತ್ತಿ ಹಾಕಿದರೆ ಫೋನಿಗೆ ಅದು ಕನ್ನಡ ಎಂದೇ ಗೊತ್ತಾಗುವುದಿಲ್ಲ, ಅರ್ಥವಿಲ್ಲದ್ದನ್ನು ಓದುತ್ತದೆ. ಯೂನಿಕೋಡಿನಲ್ಲಿದ್ದರೆ, 'ಲ'ವೋ 'ಳ'ವೋ ಎಂಬ ಅನುಮಾನ ಬಂದಾಗ ಅವರು ಅಕ್ಷರ ಅಕ್ಷರವಾಗಿ ಓದಿಸಿಕೊಳ್ಳಬಹುದು.

ಪರೀಕ್ಷೆ ಮಾಡುವಾಗ 'ಅರ್ಥ ಆಯ್ತಾ' ಎಂದು ಕೇಳಬೇಡಿ. ಎಲ್ಲರೂ 'ಹೂಂ' ಎನ್ನುತ್ತಾರೆ. 'ಒಮ್ಮೆ ಹೇಳಿ ನೋಡುವ' ಎನ್ನಿ. ಗಾದೆಯನ್ನು ಅವರ ಬಾಯಿಂದ ಕೇಳಿದರೆ ಎಲ್ಲಿ ಎಡವಿತು ಎಂದು ಸರಿಯಾಗಿ ಸಿಗುತ್ತದೆ. ಕೊನೆಯ ಪದ ಬದಲಾಗಿದ್ದರೆ ಉಸಿರಿನ ತೊಂದರೆ, ಓರೆ ಗೆರೆಯನ್ನು ಒಂದು ಪದ ಹಿಂದೆ ಹಾಕಿ ಮತ್ತೆ ಓದಿ. ನಡುವಿನ ಪದ ಬದಲಾಗಿದ್ದರೆ 'ಲ', 'ಳ' ಅಥವಾ ಹ್ರಸ್ವ ದೀರ್ಘದ ತೊಂದರೆ. ಪದಗಳೆಲ್ಲ ಸರಿಯಿದ್ದು ಹೇಳುವಾಗ ತಡವರಿಸಿದರೆ ನಿಲುಗಡೆ ತಪ್ಪು ಜಾಗದಲ್ಲಿದೆ. ಯಾವುದು ತಪ್ಪಿತೋ ಆ ಒಂದು ಫೈಲನ್ನು ಮಾತ್ರ ಮತ್ತೆ ಓದಿ, ಅದೇ ಹೆಸರಿನಲ್ಲಿ ಕಳಿಸಿ, ಹಳೆಯದನ್ನು ಅಳಿಸಲು ಹೇಳಿ.